ಆರು ಬೀಳುವವರೆಗೆ

ಒಂದು ದಾಳ ತೆಗೆದುಕೊಳ್ಳಿ. ಆರು ಬೀಳುವವರೆಗೂ ಅದನ್ನು ಉರುಳಿಸುತ್ತಾ, ಬಿದ್ದ ಸಂಖ್ಯೆಗಳನ್ನೆಲ್ಲ ಕೂಡಿಸುತ್ತಾ ಹೋಗಿ. ಆರು ಬಿದ್ದೊಡನೆ ಅದನ್ನೂ ಸೇರಿಸಿ ಆಟ ಮುಗಿಸಿ. ಒಮ್ಮೆ ಮೊದಲ ಸಲವೇ ಆರು ಬಿದ್ದು ಮೊತ್ತ ಬರೀ 6 ಆಗಬಹುದು. ಇನ್ನೊಮ್ಮೆ ಇಪ್ಪತ್ತು ಸಲ ಉರುಳಿಸಿದರೂ ಆರು ಮುಖ ತೋರಿಸದೆ, ಮೊತ್ತ ಅರವತ್ತರ ಆಸುಪಾಸಿಗೆ ಹೋಗಬಹುದು. ಈ ಆಟವನ್ನು ಸಾವಿರಾರು ಬಾರಿ ಆಡಿದರೆ ಮೊತ್ತದ ಸರಾಸರಿ ಎಷ್ಟಾದೀತು?

ನಮಗೆ ಎರಡು ವಿಷಯ ಗೊತ್ತು. ದಾಳದ ಆರು ಮುಖಗಳ ಸಂಖ್ಯೆಗಳನ್ನು ಕೂಡಿಸಿದರೆ 21. ಆದ್ದರಿಂದ ಒಂದು ಸಲ ಉರುಳಿಸಿದರೆ ಸರಾಸರಿ 3.5 ಬೀಳುತ್ತದೆ. ಆರು ಬೀಳುವ ಸಾಧ್ಯತೆ ಆರರಲ್ಲಿ ಒಂದು. ಆದ್ದರಿಂದ ಆರಿಗಾಗಿ ಸರಾಸರಿ 6 ಸಲ ಉರುಳಿಸಬೇಕಾಗುತ್ತದೆ. ಇವೆರಡನ್ನು ಗುಣಿಸಿದರೆ 21 ಬಂತು. ಉತ್ತರ ಸಿಕ್ಕಿತು ಎನ್ನಬಹುದು.

ಆದರೆ ಎಚ್ಚರವಿರುವ ಓದುಗ ಇಲ್ಲಿ ತಡೆಯಬೇಕು. ಹಾಗೆ ಗುಣಿಸಲು ನಮಗೆ ಹಕ್ಕಿದೆಯೇ? ಎಷ್ಟು ಸಲ ಉರುಳಿಸುತ್ತೇವೆ ಎಂಬುದು ಬೇರೆಲ್ಲೋ ತೀರ್ಮಾನವಾಗಿದ್ದರೆ, ಉದಾಹರಣೆಗೆ ಇನ್ನೊಬ್ಬರು ಚೀಟಿ ಎತ್ತಿ ಹೇಳಿದ್ದರೆ, ಗುಣಾಕಾರ ಸರಿ. ಇಲ್ಲಿ ಹಾಗಿಲ್ಲ. ಬೀಳುವ ಸಂಖ್ಯೆಗಳೇ ಆಟದ ಉದ್ದವನ್ನು ನಿರ್ಧರಿಸುತ್ತಿವೆ. ಮುಗಿದ ಆಟವೊಂದನ್ನು ನೋಡಿ: ಕೊನೆಯ ಸಂಖ್ಯೆ ಯಾವಾಗಲೂ 6, ಅದಕ್ಕೆ ಮುಂಚಿನ ಯಾವುದೂ 6 ಅಲ್ಲ. ಇವು ಸರಾಸರಿ 3.5 ಇರುವ ಮಾಮೂಲಿ ಸಂಖ್ಯೆಗಳಂತೆ ಕಾಣುವುದೇ ಇಲ್ಲ.

ಹಾಗಾದರೆ ಬೇರೆ ದಾರಿಯಿಂದ ಲೆಕ್ಕ ಹಾಕೋಣ. ಕೊನೆಯದು 6. ಅದಕ್ಕಿಂತ ಮುಂಚೆ ಸರಾಸರಿ 5 ಸಲ ಉರುಳಿಸಿರುತ್ತೇವೆ, ಅವುಗಳಲ್ಲಿ ಬೀಳುವುದು 1ರಿಂದ 5ರೊಳಗಿನ ಸಂಖ್ಯೆಗಳು ಮಾತ್ರ, ಅವುಗಳ ಸರಾಸರಿ 3. ಐದು ಮೂರಲಿ 15, ಅದಕ್ಕೆ 6 ಸೇರಿಸಿದರೆ 21. ಅದೇ ಉತ್ತರ! ಕೊನೆಯ ಆರು ಸರಾಸರಿಗಿಂತ 2.5 ಹೆಚ್ಚು ತಂದುಕೊಟ್ಟಿತು. ಅದರ ಹಿಂದಿನ ಐದು ಸಲಗಳು ತಲಾ ಅರ್ಧದಂತೆ 2.5 ಕಳೆದವು. ಲಾಭ ನಷ್ಟ ಎರಡೂ ಚುಕ್ತಾ ಆದವು.

ಇದು ದಾಳದ ಆಟದಲ್ಲಿ ಮಾತ್ರ ಕೂಡಿಬಂದ ಯೋಗಾಯೋಗವಲ್ಲ. ಒಂದೇ ಬಗೆಯ, ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಕೂಡಿಸುತ್ತಾ ಹೋಗಿ, ಯಾವುದೋ ನಿಯಮದ ಪ್ರಕಾರ ನಿಲ್ಲಿಸಿದಾಗಲೆಲ್ಲ ಹೀಗೇ ಆಗುತ್ತದೆ. ಮೊತ್ತದ ಸರಾಸರಿ ಎಂದರೆ ಪದಗಳ ಸಂಖ್ಯೆಯ ಸರಾಸರಿಯನ್ನು ಒಂದು ಪದದ ಸರಾಸರಿಯಿಂದ ಗುಣಿಸಿದಷ್ಟು. ಸೂತ್ರವಾಗಿ ಬರೆದರೆ:

E(X₁ + X₂ + … + X_N) = E(N) × E(X)

ಇದಕ್ಕೆ ವಾಲ್ಡ್ ನಿತ್ಯಸಮೀಕರಣ ಎಂದು ಹೆಸರು. ಇದು ಏಕೆ ನಿಜ ಎಂಬುದನ್ನು ತಿಳಿಯಲು ನಾವು ನಿಂತು ನೋಡುವ ಜಾಗವನ್ನು ಬದಲಿಸಿಕೊಂಡರೆ ಸಾಕು. ಮುಗಿದ ಆಟವನ್ನು ಹಿಂತಿರುಗಿ ನೋಡುವ ಬದಲು, ಪ್ರತಿ ಸಲ ದಾಳ ಕೈಯಲ್ಲಿರುವಾಗ, ಇನ್ನೂ ಉರುಳಿಸುವ ಮುನ್ನ ನೋಡಿ. ಏಳನೆಯ ಸಲ ಉರುಳಿಸಬೇಕೋ ಬೇಡವೋ ಎಂಬುದು ಮೊದಲ ಆರು ಸಲಗಳಲ್ಲಿ ಏನು ಬಿತ್ತು ಎಂಬುದರ ಮೇಲೆ ನಿಂತಿದೆ. ಉರುಳಿಸುವುದೆಂದಾದರೆ, ಆ ಏಳನೆಯ ಸಲಕ್ಕೆ ಹಿಂದಿನ ಆರರ ನೆನಪಿಲ್ಲ. ಅದು ತರುವ ಸರಾಸರಿ ಎಂದಿನಂತೆ 3.5. ಆದ್ದರಿಂದ ಮೊತ್ತಕ್ಕೆ ಏಳನೆಯ ಸಲದ ಕೊಡುಗೆ, ಸರಾಸರಿಯಲ್ಲಿ, ಆಟ ಅಲ್ಲಿಯವರೆಗೆ ಬರುವ ಸಾಧ್ಯತೆಯನ್ನು 3.5ರಿಂದ ಗುಣಿಸಿದಷ್ಟು. ಮೊದಲ ಸಲ ಉರುಳಿಸುವುದು ಖಚಿತ, ಸಾಧ್ಯತೆ 1. ಎರಡನೆಯದಕ್ಕೆ 5/6, ಮೂರನೆಯದಕ್ಕೆ 25/36, ಹೀಗೆ ಇಳಿಯುತ್ತಾ ಹೋಗುತ್ತದೆ. ಈ ಸಾಧ್ಯತೆಗಳನ್ನೆಲ್ಲ ಕೊನೆಯಿಲ್ಲದೆ ಕೂಡಿಸಿದರೆ ಬರುವುದು 6. ಅದೇ ಉರುಳಿಸುವ ಸಲಗಳ ಸರಾಸರಿ. ಅಲ್ಲಿಗೆ ಮೊತ್ತ 6 × 3.5.

ಇಡೀ ವಾದ ಒಂದೇ ಕೀಲಿನ ಮೇಲೆ ತಿರುಗುತ್ತಿದೆ: ಮುಂದುವರಿಯಬೇಕೋ ನಿಲ್ಲಬೇಕೋ ಎಂಬ ತೀರ್ಮಾನ ಈವರೆಗೆ ಕಂಡದ್ದರ ಮೇಲೆ ಮಾತ್ರ ಆಗಬೇಕು, ಇನ್ನೂ ಕಾಣದ್ದರ ಮೇಲೆ ಅಲ್ಲ. ಸಂಭಾವ್ಯತಾ ಶಾಸ್ತ್ರದಲ್ಲಿ ನಿಲುಗಡೆ ನಿಯಮ ಎನ್ನುವುದು ಇಂಥದ್ದನ್ನು ಮಾತ್ರ. ಈ ಷರತ್ತು ಮುರಿದರೆ ಏನಾಗುತ್ತದೆ? ಅದೇ ಆಟದ ನಿಯಮವನ್ನು ಒಂದಿಷ್ಟು ಬದಲಿಸಿ, 'ಆರು ಬೀಳುವ ಹಿಂದಿನ ಸಲಕ್ಕೇ ನಿಲ್ಲಿಸಬೇಕು' ಎನ್ನೋಣ. ಈಗ ಲೆಕ್ಕಕ್ಕೆ ಬರುವ ಸಲಗಳ ಸರಾಸರಿ 5. ಸೂತ್ರದಂತೆ ಮೊತ್ತ 5 × 3.5, ಅಂದರೆ 17.5 ಆಗಬೇಕಿತ್ತು. ನಿಜವಾಗಿ ಅದು 15. ಮುಂದಿನ ಸಲ ಆರು ಬೀಳಲಿದೆ ಎಂದು ಮೊದಲೇ ತಿಳಿದವರು ಮಾತ್ರ ಈ ನಿಯಮವನ್ನು ಪಾಲಿಸಬಲ್ಲರು. ಸೂತ್ರ ಮುರಿದುಬಿದ್ದದ್ದೂ ಅದಕ್ಕೇ. ಷೇರಿನ ಬೆಲೆ ಶಿಖರ ಮುಟ್ಟಿದಾಗ ಮಾರುತ್ತೇನೆ ಎನ್ನುವವರ ನಿಯಮವೂ ಇದೇ ಜಾತಿಯದು. ಅದು ಶಿಖರವಾಗಿತ್ತು ಎಂದು ತಿಳಿಯುವುದು ಬೆಲೆ ಇಳಿದ ಮೇಲೆ.

ಇನ್ನೊಂದು ಷರತ್ತೂ ಇದೆ, ಅದು ಹೆಚ್ಚು ಸೂಕ್ಷ್ಮವಾದದ್ದು. ನಾಣ್ಯ ಚಿಮ್ಮಿ, ಹೆಡ್ಸ್ ಬಿದ್ದರೆ ಒಂದು ರೂಪಾಯಿ ಗೆಲ್ಲುವ, ಟೇಲ್ಸ್ ಬಿದ್ದರೆ ಒಂದು ರೂಪಾಯಿ ಸೋಲುವ ಆಟ. ಪ್ರತಿ ಸಲದ ಸರಾಸರಿ ಲಾಭ ಸೊನ್ನೆ. ಒಬ್ಬ ಜೂಜುಗಾರ ಹೇಳುತ್ತಾನೆ: 'ಒಟ್ಟು ಲೆಕ್ಕದಲ್ಲಿ ಒಂದು ರೂಪಾಯಿ ಮೇಲೆ ಬಂದ ಕೂಡಲೇ ಎದ್ದುಬಿಡುತ್ತೇನೆ.' ಇದು ಭವಿಷ್ಯ ನೋಡುವ ನಿಯಮವಲ್ಲ. ಇಂಥ ಆಟದಲ್ಲಿ ಎಂದಾದರೊಮ್ಮೆ ಒಂದು ರೂಪಾಯಿ ಮೇಲೆ ಬರುವ ಸಂಭಾವ್ಯತೆ 1 ಎಂಬುದೂ ಸಿದ್ಧವಾದ ಮಾತು. ಹಾಗಾದರೆ ಅವನ ಲಾಭ ಯಾವಾಗಲೂ 1. ಸೂತ್ರ ಮಾತ್ರ ಅದು ಸೊನ್ನೆ ಎನ್ನುತ್ತದೆ. ತಪ್ಪಿದ್ದೆಲ್ಲಿ?

ಆಟದ ಉದ್ದದಲ್ಲಿ. ಅವನು ಗೆದ್ದೇ ಗೆಲ್ಲುತ್ತಾನೆ, ಆದರೆ ಅದಕ್ಕೆ ಬೇಕಾದ ಸಲಗಳ ಸರಾಸರಿ ಅನಂತ. ಅನೇಕ ಆಟಗಳು ಒಂದೆರಡು ಸಲಕ್ಕೆ ಮುಗಿದರೂ, ಅಪರೂಪಕ್ಕೆ ಬರುವ ಅತಿ ದೀರ್ಘ ಆಟಗಳು ಸರಾಸರಿಯನ್ನು ಮಿತಿಯಿಲ್ಲದೆ ಮೇಲಕ್ಕೆ ಎಳೆಯುತ್ತವೆ. N ಸರಾಸರಿ ಮಿತವಾಗಿದ್ದಾಗ ಮಾತ್ರ ವಾಲ್ಡ್ ಸೂತ್ರ ನಿಲ್ಲುತ್ತದೆ. ಅವನ ಜೇಬಿಗೆ ಮಿತಿ ಹಾಕಿ ನೋಡಿ. ಕೈಯಲ್ಲಿರುವುದು 100 ರೂಪಾಯಿ. ಒಂದು ರೂಪಾಯಿ ಗೆದ್ದರೆ ಅಥವಾ ನೂರೂ ಕಳೆದುಕೊಂಡರೆ ಆಟ ಮುಗಿಯಿತು. ಈಗ ಆಟದ ಸರಾಸರಿ ಉದ್ದ ಮಿತವಾಗಿದೆ (ಸರಿಯಾಗಿ 100 ಸಲ), ಸೂತ್ರ ಮತ್ತೆ ಕೆಲಸಕ್ಕೆ ಬರುತ್ತದೆ. ಸರಾಸರಿ ಲಾಭ ಸೊನ್ನೆಯಾಗಲೇಬೇಕು. ಹಾಗಾಗಬೇಕಾದರೆ 101 ಆಟಗಳಲ್ಲಿ 100ರಲ್ಲಿ ಒಂದೊಂದು ರೂಪಾಯಿ ಗೆದ್ದು, ಉಳಿದ ಒಂದರಲ್ಲಿ ನೂರನ್ನೂ ಸೋಲಬೇಕು. ಸೋಲಿನ ಸಾಧ್ಯತೆ 101ರಲ್ಲಿ ಒಂದು ಎಂದು ಇಷ್ಟು ಸುಲಭವಾಗಿ ಗೊತ್ತಾಗುವುದು ಈ ಸಮೀಕರಣದ ದೊಡ್ಡ ಉಪಕಾರ.

ಇಷ್ಟಾದರೂ ಈ ಸೂತ್ರ ಹುಟ್ಟಿದ್ದು ಜೂಜಿನ ಕಟ್ಟೆಯಲ್ಲಲ್ಲ, ಎರಡನೆಯ ಮಹಾಯುದ್ಧದ ಮದ್ದುಗುಂಡಿನ ಪರೀಕ್ಷೆಯ ಹಿನ್ನೆಲೆಯಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಸೇನೆಗಾಗಿ ದುಡಿಯುತ್ತಿದ್ದ ಸಂಖ್ಯಾಶಾಸ್ತ್ರಜ್ಞರ ತಂಡವೊಂದಿತ್ತು. 1943ರಲ್ಲಿ ನೌಕಾಪಡೆಯ ಅಧಿಕಾರಿ ಶೂಯ್ಲರ್ ಆ ತಂಡದ ಆಲನ್ ವಾಲಿಸ್ ಅವರ ಮುಂದೆ ಒಂದು ದೂರು ಇಟ್ಟರು. ಇಷ್ಟು ಸಾವಿರ ಗುಂಡು ಹಾರಿಸಿ ನೋಡಬೇಕೆಂದು ಸಂಖ್ಯಾಶಾಸ್ತ್ರಜ್ಞರು ಮೊದಲೇ ಗೊತ್ತುಮಾಡುತ್ತಾರೆ. ಅನುಭವಸ್ಥ ಅಧಿಕಾರಿಗೆ ನಡುವೆಯೇ ಫಲಿತಾಂಶ ಕಣ್ಣಿಗೆ ಕಟ್ಟುವಂತೆ ಕಂಡರೂ ಪರೀಕ್ಷೆ ಕೊನೆಯವರೆಗೆ ನಡೆಯಲೇಬೇಕು ಎಂಬುದು ಅವರ ತಕರಾರು. ವಾಲಿಸ್ ಮತ್ತು ಮಿಲ್ಟನ್ ಫ್ರೀಡ್‌ಮನ್ (ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು) ಈ ಪ್ರಶ್ನೆಯನ್ನು ಒಯ್ದು ಏಬ್ರಹಾಂ ವಾಲ್ಡ್ ಅವರಿಗೆ ಕೊಟ್ಟರು.

ವಾಲ್ಡ್ ಹುಟ್ಟಿದ್ದು 1902ರಲ್ಲಿ, ಆಗ ಹಂಗೇರಿಗೆ ಸೇರಿದ್ದ, ಈಗ ರೊಮೇನಿಯಾದಲ್ಲಿರುವ ಕ್ಲೂಜ್ ನಗರದಲ್ಲಿ. ವಿಯೆನ್ನಾದಲ್ಲಿ ಗಣಿತ ಓದಿದ ಈ ಯಹೂದಿ, ನಾತ್ಸಿಗಳು ಆಸ್ಟ್ರಿಯಾಕ್ಕೆ ಕಾಲಿಟ್ಟ 1938ರಲ್ಲಿ ಅಮೆರಿಕಕ್ಕೆ ಹೋದವರು. ನೋಡಿದಂತೆಲ್ಲ ತೀರ್ಮಾನಿಸುವ ಅನುಕ್ರಮ ಪರೀಕ್ಷೆಯನ್ನು ಅವರು ಕಟ್ಟಿಕೊಟ್ಟರು. ಅದಕ್ಕೆ ಬೇಕಾದ ಮೊತ್ತದ ಗಣಿತ 1944ರ ಅವರ ಲೇಖನದಲ್ಲಿ ಬಂತು. 1950ರ ಡಿಸೆಂಬರಿನಲ್ಲಿ ಭಾರತದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗ, ಅವರೂ ಅವರ ಪತ್ನಿಯೂ ಪ್ರಯಾಣಿಸುತ್ತಿದ್ದ ವಿಮಾನ ನಮ್ಮ ನೆರೆಯ ನೀಲಗಿರಿ ಬೆಟ್ಟಗಳಲ್ಲಿ ಅಪಘಾತಕ್ಕೀಡಾಗಿ ಇಬ್ಬರೂ ತೀರಿಕೊಂಡರು. ಆಗ ಅವರಿಗೆ ಬರೀ 48 ವರ್ಷ.

ಅವರ ಪರೀಕ್ಷೆಯನ್ನು ಒಂದು ಸರಕಿನ ಮೇಲೆ ಪ್ರಯೋಗಿಸೋಣ. ನೂರಕ್ಕೆ 10 ದೋಷಯುಕ್ತವಾಗಿದ್ದರೆ ಸರಕು ಒಪ್ಪಿಗೆ, 30 ಇದ್ದರೆ ತಿರಸ್ಕಾರ. ಯಾವ ಕಡೆಗೂ ತಪ್ಪು ತೀರ್ಪು ನೂರಕ್ಕೆ 5ನ್ನು ಮೀರಬಾರದು. ಎಷ್ಟನ್ನು ನೋಡಬೇಕೆಂದು ಮೊದಲೇ ನಿಗದಿ ಮಾಡುವ ಹಳೆಯ ವಿಧಾನದಲ್ಲಿ ಸುಮಾರು 39 ವಸ್ತುಗಳನ್ನು ಪರೀಕ್ಷಿಸಬೇಕು. ವಾಲ್ಡ್ ವಿಧಾನದಲ್ಲಿ ಒಂದೊಂದನ್ನೇ ತೆಗೆದು ನೋಡುತ್ತಾ, ದೋಷವಿದ್ದರೆ 1.10 ಅಂಕ ಕೂಡಿಸಿ, ಸರಿಯಿದ್ದರೆ 0.25 ಕಳೆಯುತ್ತಾ ಹೋಗಬೇಕು. ಈ ಅಂಕಗಳು ಎರಡು ಊಹೆಗಳ ಸಾಧ್ಯತೆಗಳ ಅನುಪಾತದ ಲಾಗರಿದಮ್‌ನಿಂದ ಬಂದವು. ಮೊತ್ತ +2.94 ಮುಟ್ಟಿದರೆ ಸರಕು ವಾಪಸ್, −2.94 ಮುಟ್ಟಿದರೆ ಒಪ್ಪಿಗೆ.

ಇದಕ್ಕೆ ಸರಾಸರಿ ಎಷ್ಟು ವಸ್ತು ಬೇಕು? ಇಲ್ಲಿ ವಾಲ್ಡ್ ತಮ್ಮ ಸಮೀಕರಣವನ್ನು ತಿರುಗಿಸಿ ಹಿಡಿದರು: ಮೊತ್ತದ ಸರಾಸರಿಯನ್ನು ಒಂದು ಪದದ ಸರಾಸರಿಯಿಂದ ಭಾಗಿಸಿದರೆ ಪದಗಳ ಸಂಖ್ಯೆ ಬರಬೇಕು. ಸರಕು ಒಳ್ಳೆಯದಾಗಿದ್ದರೆ 20ರಲ್ಲಿ 19 ಸಲ ಮೊತ್ತ −2.94ರಲ್ಲಿ, ಒಂದು ಸಲ +2.94ರಲ್ಲಿ ನಿಲ್ಲುತ್ತದೆ, ಸರಾಸರಿ −2.65. ಒಂದು ವಸ್ತುವಿನ ಸರಾಸರಿ ಅಂಕ 0.1 × 1.10 − 0.9 × 0.25, ಅಂದರೆ −0.115. ಭಾಗಿಸಿದರೆ ಸುಮಾರು 23. ಸರಕು ಕೆಟ್ಟದ್ದಾಗಿದ್ದರೆ ಇದೇ ಲೆಕ್ಕದಿಂದ ಸುಮಾರು 17. ಮೊತ್ತ ಗಡಿಯ ಮೇಲೇ ನಿಲ್ಲದೆ ತುಸು ದಾಟಿ ಹೋಗುವುದರಿಂದ ನಿಜವಾದ ಸಂಖ್ಯೆಗಳು ಇದಕ್ಕಿಂತ ಕೊಂಚ ಹೆಚ್ಚು. ಹಾಗಿದ್ದರೂ 39ರ ಮುಂದೆ ಉಳಿತಾಯ ದೊಡ್ಡದು. ಪರೀಕ್ಷಿಸಿದ ಪ್ರತಿ ಗುಂಡೂ ಸುಟ್ಟುಹೋಗುವ ಕಡೆ ಇದರ ಬೆಲೆ ಹೇಳಬೇಕಿಲ್ಲ. ಯುದ್ಧ ಮುಗಿಯುವ 1945ರವರೆಗೆ ಅಮೆರಿಕ ಈ ವಿಧಾನವನ್ನು ಗುಟ್ಟಾಗಿ ಇಟ್ಟುಕೊಂಡಿತ್ತು.

ಪರೀಕ್ಷಕರು ಇಲ್ಲಿ ಸಾಮಾನ್ಯವಾಗಿ ಎಡವುವುದು 'ಒಂದೇ ಬಗೆಯ ಪದಗಳು' ಎಂಬ ಷರತ್ತಿನಲ್ಲಿ. ಯಂತ್ರದ ಅಚ್ಚು ಹೊಸದಿದ್ದಾಗ ಬಂದ ವಸ್ತುಗಳು ಪೆಟ್ಟಿಗೆಯ ತಳದಲ್ಲಿ, ಅಚ್ಚು ಸವೆದ ಮೇಲೆ ಬಂದವು ಮೇಲ್ಗಡೆ ಇದ್ದರೆ, ಮೇಲಿನಿಂದ ವರಸೆಯಾಗಿ ತೆಗೆದಾಗ ಪ್ರತಿ ಪದದ ಸರಾಸರಿ ಬೇರೆ ಬೇರೆ. ಬೇಗ ನಿಲ್ಲುವ ಪರೀಕ್ಷೆ ಮೇಲಿನ ಪದರವನ್ನಷ್ಟೇ ನೋಡಿ ಇಡೀ ಪೆಟ್ಟಿಗೆಗೆ ತೀರ್ಪು ಕೊಟ್ಟುಬಿಡುತ್ತದೆ. ಪೆಟ್ಟಿಗೆಯ ಬೇರೆ ಬೇರೆ ಜಾಗಗಳಿಂದ, ಚೀಟಿ ಎತ್ತಿದಂತೆ ಆಯ್ದು ತೆಗೆದರೆ ಮಾತ್ರ 23 ಮತ್ತು 17ರ ಲೆಕ್ಕ ನಿಲ್ಲುತ್ತದೆ.