ಹಾಸ್ಟೆಲ್ ಮೆನು: ಹೆಸರಿಗಿಂತ ಅಳತೆ ಮುಖ್ಯ

ವಾರ್ಡನ್ ಪತ್ರದ ಜೊತೆ ಮೆಸ್‌ನ ಪರಿಷ್ಕೃತ ಮೆನು ಬಂದಾಗ ಪೋಷಕರ ಕಣ್ಣು ಮೊದಲು ಹೋಗುವುದು ಭಾನುವಾರದ ವಿಶೇಷದ ಕಡೆಗೆ. ಆದರೆ ಮಕ್ಕಳ ಹೊಟ್ಟೆ ತುಂಬಿಸುವುದು ಉಳಿದ ಆರು ದಿನಗಳ ಊಟ. ಪಿಯುಸಿ ಹಾಸ್ಟೆಲ್‌ನ ಪಟ್ಟಿ ಹೀಗಿದೆ ಎಂದುಕೊಳ್ಳಿ:

| ದಿನ | ಬೆಳಿಗ್ಗೆ | ಮಧ್ಯಾಹ್ನ | ರಾತ್ರಿ |
|---|---|---|---|
| ಸೋಮ, ಗುರು | ಇಡ್ಲಿ, ಚಟ್ನಿ | ಅನ್ನ, ಸಾಂಬಾರ್ | ಚಪಾತಿ, ಕಡಲೆಕಾಳು ಪಲ್ಯ |
| ಮಂಗಳ, ಶುಕ್ರ | ಉಪ್ಪಿಟ್ಟು | ಮುದ್ದೆ, ಸೊಪ್ಪಿನ ಸಾರು | ಅನ್ನ, ಮೊಟ್ಟೆ |
| ಬುಧ, ಶನಿ | ಚಿತ್ರಾನ್ನ | ಅನ್ನ, ತಿಳಿಸಾರು | ಅನ್ನ, ರಸಂ |
| ಭಾನು | ಪೂರಿ, ಸಾಗು | ಪಲಾವ್, ಪಾಯಸ | ಅನ್ನ, ಸಾಂಬಾರ್ |

ಬುಧವಾರ, ಶನಿವಾರ ಮೂರು ಹೊತ್ತೂ ಅನ್ನವೇ. ಕಾಳು, ಮೊಟ್ಟೆ ಯಾವುದೂ ಇಲ್ಲ. ಐಸಿಎಂಆರ್ ಶಿಫಾರಸಿನಂತೆ 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಯರಿಗೆ 46 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, 30 ಗ್ರಾಂ ತೊಗರಿಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ.

ತಲೆಗೆ 30 ಗ್ರಾಂನಂತೆ ನೂರು ಮಕ್ಕಳ ಸಾಂಬಾರಿಗೆ 3 ಕಿಲೋ ಬೇಳೆ ಬೇಕು. ಒಂದೂವರೆ ಕಿಲೋ ಹಾಕಿದರೂ ಪಟ್ಟಿಯಲ್ಲಿ ಅದು ಸಾಂಬಾರೇ! ಸೌಟು ತಳ ಮುಟ್ಟಿದರೂ ಬೇಳೆ ಸಿಗದಿದ್ದರೆ ಮಕ್ಕಳಿಗೇ ಗೊತ್ತಾಗುತ್ತದೆ.

ಹಾಗಾಗಿ ವಾರ್ಡನ್‌ಗೆ ಉತ್ತರ ಬರೆಯುವಾಗ ಎರಡು ಪ್ರಶ್ನೆ ಕೇಳಿ: ತಲೆಗೆ ಎಷ್ಟು ಬೇಳೆ? ಬುಧವಾರ, ಶನಿವಾರ ಕಾಳು ಯಾವ ಹೊತ್ತಿಗೆ?