ಓಡಿದಾಗಷ್ಟೇ ಕಾಣುವ ಕೊರತೆ, ಎಂದಿಗೂ ತುಂಬದ ಕಲೆ

ಹೃದಯದ ಸ್ಟ್ರೆಸ್ ಪರ್ಫ್ಯೂಷನ್ ಸ್ಕ್ಯಾನ್ ವರದಿಯಲ್ಲಿ ರೋಗಿಯ ಮುಂದಿನ ದಾರಿಯನ್ನು ಹೆಚ್ಚಾಗಿ ನಿರ್ಧರಿಸುವುದು ಎರಡು ಮಾತುಗಳು: 'ರಿವರ್ಸಿಬಲ್ ಡಿಫೆಕ್ಟ್' ಮತ್ತು 'ಫಿಕ್ಸ್ಡ್ ಡಿಫೆಕ್ಟ್'. ಮೊದಲನೆಯದೆಂದರೆ ಶ್ರಮದ ಹೊತ್ತಿನಲ್ಲಿ ಮಾತ್ರ ರಕ್ತ ಸಾಲದ ಜಾಗ. ಎರಡನೆಯದು ಶ್ರಮದಲ್ಲೂ ವಿಶ್ರಾಂತಿಯಲ್ಲೂ ಮಸುಕಾಗಿಯೇ ಉಳಿಯುವ ಜಾಗ. ಸಾಮಾನ್ಯವಾಗಿ ಅದು ಹಳೆಯ ಹಾರ್ಟ್ ಅಟ್ಯಾಕ್ ಬಿಟ್ಟುಹೋದ ಗಾಯದ ಕಲೆ.

ಹೃದಯಕ್ಕೆ ಶ್ರಮ ಕೊಟ್ಟೇ ನೋಡಬೇಕೇಕೆ? 1974ರಲ್ಲಿ ಲ್ಯಾನ್ಸ್ ಗೌಲ್ಡ್ ನಾಯಿಗಳ ಮೇಲಿನ ಪ್ರಯೋಗದಿಂದ ಇದಕ್ಕೆ ಉತ್ತರ ಕೊಟ್ಟರು. ರಕ್ತನಾಳದ ಅಗಲ ಸುಮಾರು 85 ಶೇಕಡಾ ಕಿರಿದಾಗುವವರೆಗೂ ವಿಶ್ರಾಂತಿಯಲ್ಲಿ ರಕ್ತದ ಹರಿವು ಕಡಿಮೆಯಾಗಲಿಲ್ಲ. ಆದರೆ ಬೇಡಿಕೆ ಹೆಚ್ಚಿದಾಗ ಏರಬೇಕಾದ ಗರಿಷ್ಠ ಹರಿವು, ನಾಳ ಅರ್ಧದಷ್ಟು ಕಿರಿದಾಗುವ ಹೊತ್ತಿಗೇ ಕುಂದಿತ್ತು. ಸುಮ್ಮನೆ ಮಲಗಿದವರ ಚಿತ್ರ ಸಹಜವಾಗಿ ಬರುವುದು ಇದೇ ಕಾರಣಕ್ಕೆ.

ಚಿತ್ರ ತೆಗೆಯುವ ದಾರಿಯನ್ನು 1973ರಲ್ಲಿ ಅಮೆರಿಕದ ಬ್ಯಾರಿ ಜಾರೆಟ್ ಮತ್ತು ವಿಲಿಯಂ ಸ್ಟ್ರಾಸ್ ತೋರಿಸಿದ್ದರು. ಬದುಕಿರುವ ಹೃದಯಕೋಶ ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತದೆ. ಅವರು ವಿಕಿರಣಶೀಲ ಪೊಟ್ಯಾಸಿಯಂ ಅನ್ನು ವಿಶ್ರಾಂತಿಯಲ್ಲೊಮ್ಮೆ, ವ್ಯಾಯಾಮದಲ್ಲೊಮ್ಮೆ ಕೊಟ್ಟು ಚಿತ್ರಗಳನ್ನು ಹೋಲಿಸಿದರು. ಪೊಟ್ಯಾಸಿಯಂನ ಕಿರಣಗಳು ಗಾಮಾ ಕ್ಯಾಮೆರಾಕ್ಕೆ ಸರಿಹೊಂದದಷ್ಟು ತೀಕ್ಷ್ಣವಾಗಿದ್ದವು. ಬ್ರೂಕ್‌ಹೇವನ್ ಪ್ರಯೋಗಾಲಯದಿಂದ ಬಂದ ಥಾಲಿಯಂ-201 ಆ ತೊಡಕನ್ನು ಬಹುಮಟ್ಟಿಗೆ ನೀಗಿಸಿತು.

ನಿಜವಾದ ತಿರುವು 1977ರದು. ಜೆರಾಲ್ಡ್ ಪೊಹೋಸ್ಟ್ ಮತ್ತು ಸಂಗಡಿಗರು ಒಂದೇ ಚುಚ್ಚುಮದ್ದಿನ ನಂತರ ಮತ್ತೆ ಮತ್ತೆ ಚಿತ್ರ ತೆಗೆದು, ಮೊದಲು ಮಸುಕಾಗಿದ್ದ ಕೆಲವು ಜಾಗಗಳು ಕೆಲವು ಗಂಟೆಗಳಲ್ಲಿ ತುಂಬಿಕೊಳ್ಳುವುದನ್ನು ಗಮನಿಸಿದರು. ಚೆನ್ನಾಗಿ ರಕ್ತ ಸಿಕ್ಕ ಭಾಗದಿಂದ ಥಾಲಿಯಂ ಬೇಗ ಹೊರಹೋಗುತ್ತದೆ, ಕೊರತೆಯ ಭಾಗದಿಂದ ನಿಧಾನವಾಗಿ ಹೋಗುತ್ತದೆ. ಹೀಗಾಗಿ ಎರಡೂ ಸಮವಾಗುತ್ತವೆ. ಸತ್ತ ಮಾಂಸಖಂಡದ ಜಾಗ ಮಾತ್ರ ತುಂಬುವುದಿಲ್ಲ. ಬ್ಲಾಕ್ ಇರುವ ಜೀವಂತ ಖಂಡ ಮತ್ತು ಹಳೆಯ ಕಲೆ ಒಂದೇ ಪರೀಕ್ಷೆಯಲ್ಲಿ ಬೇರೆಯಾದವು.

ಆ ವಿಂಗಡಣೆ ಎಲ್ಲೆಡೆ ಸರಿಯಾಗಿರಲಿಲ್ಲ. 1990ರಲ್ಲಿ ದಿಲ್ಸಿಜಿಯಾನ್, ಬೊನೊ ಮುಂತಾದವರು ತಡವಾದ ಚಿತ್ರದ ನಂತರ ಸ್ವಲ್ಪ ಥಾಲಿಯಂ ಮತ್ತೆ ಚುಚ್ಚಿ ನೋಡಿದರು. 'ಫಿಕ್ಸ್ಡ್' ಎನಿಸಿದ್ದ ಜಾಗಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತುಂಬಿಕೊಂಡವು. ರಕ್ತ ತೀರಾ ಕಡಿಮೆಯಾದ ಖಂಡ ಬಡಿಯುವುದನ್ನು ನಿಲ್ಲಿಸಿಯೂ ಜೀವ ಹಿಡಿದಿರಬಲ್ಲದು. ಆದ್ದರಿಂದ ಫಿಕ್ಸ್ಡ್ ಎಂದ ಕೂಡಲೇ ಆ ಭಾಗ ಸತ್ತಿದೆ ಎಂದು ತೀರ್ಮಾನಿಸುವುದು ನನ್ನ ಮಟ್ಟಿಗೆ ಅವಸರದ ಓದು. ಅನುಮಾನವಿದ್ದರೆ ಪೆಟ್ ಸ್ಕ್ಯಾನ್‌ನಲ್ಲಿ ಆ ಖಂಡ ಸಕ್ಕರೆ ಹೀರುತ್ತದೆಯೇ ಎಂದು ನೋಡಬಹುದು.

ಇಂದು ಹೆಚ್ಚು ಬಳಕೆಯಲ್ಲಿರುವುದು ಟೆಕ್ನೀಷಿಯಂ ಬೆರೆತ ಸೆಸ್ಟಾಮಿಬಿ. ಅದು ಕೋಶದೊಳಗೆ ಕೂತಮೇಲೆ ಅಷ್ಟಾಗಿ ಕದಲದು. ಅದಕ್ಕೇ ಶ್ರಮಕ್ಕೊಂದು, ವಿಶ್ರಾಂತಿಗೊಂದು ಎಂದು ಎರಡು ಚುಚ್ಚುಮದ್ದು. ನಡೆಯಲಾಗದವರಿಗೆ ಅಡೆನೊಸಿನ್ ಕೊಟ್ಟು ರಕ್ತನಾಳ ಹಿಗ್ಗಿಸುತ್ತಾರೆ. ಕಾಫಿ, ಟೀಯಲ್ಲಿರುವ ಕೆಫೀನ್ ಈ ಔಷಧಿಯನ್ನು ತಡೆಯುತ್ತದೆ. ಬೆಳಿಗ್ಗೆ ಒಂದು ಲೋಟ ಕುಡಿದು ಬಂದರೆ, ಇರುವ ಕೊರತೆಯೂ ಚಿತ್ರದಲ್ಲಿ ಮರೆಯಾಗಬಹುದು. ಕನಿಷ್ಠ 12 ಗಂಟೆ ಬಿಡಿ ಎನ್ನುವುದು ಅದಕ್ಕೇ.

ಒಂದು ಕಲ್ಪಿತ ವರದಿಯನ್ನು ಓದೋಣ. ಎಡ ಹೃತ್ಕುಕ್ಷಿಯನ್ನು 17 ಭಾಗ ಮಾಡಿ, ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. 0 ಎಂದರೆ ಸಹಜ, 4 ಎಂದರೆ ಔಷಧಿ ಹೀರಿಯೇ ಇಲ್ಲ. ನಮ್ಮ ರೋಗಿಯ ಕೆಳಗೋಡೆಯ ಮೂರು ಭಾಗಗಳಿಗೆ ಶ್ರಮದಲ್ಲೂ ವಿಶ್ರಾಂತಿಯಲ್ಲೂ ತಲಾ 3. ಮುಂಗೋಡೆ ಮತ್ತು ತುದಿಯ ಸುತ್ತಲಿನ ನಾಲ್ಕು ಭಾಗಗಳಿಗೆ ಶ್ರಮದಲ್ಲಿ ತಲಾ 2, ವಿಶ್ರಾಂತಿಯಲ್ಲಿ 0. ಶ್ರಮದ ಮೊತ್ತ 17, ವಿಶ್ರಾಂತಿಯದು 9, ವ್ಯತ್ಯಾಸ 8. ಗರಿಷ್ಠ 68ರಲ್ಲಿ 8 ಎಂದರೆ ಸುಮಾರು 12 ಶೇಕಡಾ ಹೃದಯಖಂಡ ಶ್ರಮದಲ್ಲಿ ರಕ್ತಕ್ಕೆ ಪರದಾಡುತ್ತಿದೆ. ಆ ಮುಂಭಾಗಕ್ಕೆ ರಕ್ತ ಕೊಡುವುದು ಎಲ್‌ಎಡಿ ನಾಳ; ಆಂಜಿಯೋಗ್ರಾಮ್ ಆದರೆ ಮೊದಲು ಕಣ್ಣು ಹೋಗಬೇಕಾದ್ದು ಅಲ್ಲಿಗೆ.

ಕೆಳಗೋಡೆಯದು ನಿಜವಾಗಿ ಕಲೆಯೇ? ವಪೆ ಕಿರಣಗಳನ್ನು ತಡೆದು ಇದೇ ಜಾಗದಲ್ಲಿ ಹುಸಿ ಮಸುಕು ತರುತ್ತದೆ. ಹೆಂಗಸರಲ್ಲಿ ಸ್ತನದಿಂದಾಗಿ ಮುಂಗೋಡೆಯಲ್ಲಿ ಹೀಗಾಗುವುದುಂಟು. ಇಸಿಜಿ ಜೊತೆ ಹೊಂದಿಸಿ ತೆಗೆದ ಚಲಿಸುವ ಚಿತ್ರದಲ್ಲಿ ಆ ಗೋಡೆ ಪ್ರತಿ ಬಡಿತಕ್ಕೂ ದಪ್ಪವಾಗುತ್ತಿದ್ದರೆ ಅದು ಬಹುತೇಕ ವಪೆಯ ನೆರಳು; ಬೋರಲು ಮಲಗಿಸಿ ತೆಗೆದರೆ ಮಾಯವಾಗುವುದೂ ಉಂಟು. ನಮ್ಮ ರೋಗಿಯಲ್ಲಿ ಗೋಡೆ ಅಲುಗುತ್ತಿಲ್ಲ, ಇಸಿಜಿಯಲ್ಲೂ ಹಳೆಯ ಅಟ್ಯಾಕಿನ ಗುರುತಿದೆ. ಇದು ಕಲೆಯೇ ಇರಬೇಕು. ಅಲ್ಲಿ ಸ್ಟೆಂಟ್ ಹಾಕಿದರೆ ಖಂಡ ಮರಳಿ ಬರುವ ಸಂಭವ ಕಡಿಮೆ.

ಇನ್ನೊಂದು ಮಿತಿಯನ್ನು ನೆನಪಿಡಲೇಬೇಕು. ಈ ಚಿತ್ರ ಹೃದಯದ ಒಂದು ಭಾಗವನ್ನು ಇನ್ನೊಂದರ ಜೊತೆ ಹೋಲಿಸುತ್ತದೆ ಅಷ್ಟೆ. ಮೂರೂ ನಾಳಗಳು ಸಮನಾಗಿ ಕಿರಿದಾಗಿದ್ದರೆ ಎಲ್ಲೆಡೆ ಒಂದೇ ಹೊಳಪು ಕಂಡು, ವರದಿ ಸಹಜವೆಂದು ಬರಬಹುದು. ಶ್ರಮದ ಚಿತ್ರದಲ್ಲಿ ಹೃತ್ಕುಕ್ಷಿ ವಿಶ್ರಾಂತಿಯದಕ್ಕಿಂತ ಹಿಗ್ಗಿದಂತೆ ಕಂಡಿದ್ದರೆ, ಟ್ರೆಡ್‌ಮಿಲ್ ಮೇಲೆ ರಕ್ತದೊತ್ತಡ ಕುಸಿದಿದ್ದರೆ, ಅಂಕಗಳೆಲ್ಲ ಸೊನ್ನೆಯಾಗಿದ್ದರೂ ವೈದ್ಯರು ಆಂಜಿಯೋಗ್ರಾಮ್ ಬಗ್ಗೆ ಯೋಚಿಸುವುದು ಇದಕ್ಕೇ.