ಅಡಿಕೆ ಹಣದ ಪತ್ರವನ್ನು ಓದುವುದು ಹೇಗೆ? ತೇವಾಂಶದ ಕಡಿತ ಮತ್ತು ದರ್ಜೆಯ ದರ

ಮಲೆನಾಡಿನ ಅಡಿಕೆ ಬೆಳೆಗಾರರಲ್ಲಿ ಅನೇಕರು ಇಂದು ಊರಿನಲ್ಲಿರುವುದಿಲ್ಲ. ಬೆಂಗಳೂರಿನ ಪುಲಿಕೇಶಿನಗರದಲ್ಲಿ ವಾಸವಾಗಿದ್ದು, ತೀರ್ಥಹಳ್ಳಿ ಕಡೆಯ ತೋಟವನ್ನು ತಮ್ಮನ ಕೈಯಲ್ಲಿ ನಡೆಸುತ್ತಿರುವ ಒಬ್ಬ ಸದಸ್ಯರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಮ್ಮ 6 ಚೀಲ ಕೆಂಪಡಿಕೆಯನ್ನು ಸಹಕಾರ ಸಂಘಕ್ಕೆ ಹಾಕಿ, 300 ಕಿ.ಗ್ರಾಂ ತೂಗಿತೆಂದು ತಿಳಿಸುತ್ತಾನೆ. ಅಂದಿನ ರಾಶಿ ಅಡಿಕೆಯ ದರ ಕಿಲೋಗೆ 450 ರೂಪಾಯಿ ಎಂದು ಅಣ್ಣ ಕೇಳಿದ್ದಾರೆ. 1,35,000 ರೂಪಾಯಿ ಬರಬೇಕೆಂದು ಅವರ ಎಣಿಕೆ. ಸಂಘದಿಂದ ಬಂದ ಪತ್ರದಲ್ಲಿ ಇರುವುದು 1,21,800 ರೂಪಾಯಿ. ತೇವಾಂಶದ ಹೆಸರಿನಲ್ಲಿ 13,200 ರೂಪಾಯಿ ಹೋಯಿತೆಂದು ಅವರು ತಿಳಿಯುವುದು ಸಹಜ. ಆದರೆ ಪತ್ರವನ್ನು ಸಾಲುಸಾಲಾಗಿ ಓದಿದರೆ ವಿಷಯ ಬೇರೆಯೇ ಇದೆ. (ಇಲ್ಲಿಯ ದರಗಳು ಮತ್ತು ತೇವಾಂಶದ ಮಿತಿ ಲೆಕ್ಕ ತಿಳಿಯಲು ಇಟ್ಟುಕೊಂಡವು, ಪೇಟೆಯ ಧಾರಣೆಯಲ್ಲ.)

ಪತ್ರದ ಒಕ್ಕಣೆ

"ಮಾನ್ಯ ಸದಸ್ಯರೇ, ತಾವು ಹಾಕಿದ ಮಾಲಿನ ಒಟ್ಟು ತೂಕ 306 ಕಿ.ಗ್ರಾಂ. ಚೀಲದ ತೂಕ 6 ಕಿ.ಗ್ರಾಂ ಕಳೆದು ನಿವ್ವಳ 300 ಕಿ.ಗ್ರಾಂ. ಇದರಲ್ಲಿ ರಾಶಿ 240 ಕಿ.ಗ್ರಾಂ, ಗೊರಬಲು 60 ಕಿ.ಗ್ರಾಂ. ಕಂಡುಬಂದ ತೇವಾಂಶ ಶೇಕಡ 13, ಸಂಘದ ಮಿತಿ ಶೇಕಡ 10. ಕಡಿತದ ನಂತರ ರಾಶಿ 232 ಕಿ.ಗ್ರಾಂ, ದರ 450 ರೂ., ಮೊಬಲಗು 1,04,400 ರೂ. ಗೊರಬಲು 58 ಕಿ.ಗ್ರಾಂ, ದರ 300 ರೂ., ಮೊಬಲಗು 17,400 ರೂ. ಒಟ್ಟು 1,21,800 ರೂ."

ಕಮಿಷನ್, ಹಮಾಲಿ, ಮುಂಗಡದ ವಸೂಲಿ ಇವುಗಳನ್ನು ಇದರ ಕೆಳಗೆ ಬೇರೆ ಬೇರೆಯಾಗಿ ಬರೆದಿರಬೇಕು. ಅವು ತೇವಾಂಶಕ್ಕಾಗಲಿ ದರ್ಜೆಗಾಗಲಿ ಸೇರಿದವಲ್ಲ.

10 ಕಿಲೋ ಹೇಗೆ ಕಳೆಯಿತು?

ತೇವಾಂಶ ಶೇಕಡ 13 ಎಂದರೆ 100 ಕಿಲೋ ಅಡಿಕೆಯಲ್ಲಿ 13 ಕಿಲೋ ನೀರು, 87 ಕಿಲೋ ಒಣ ಪದಾರ್ಥ. ಹೀಗಾಗಿ 300 ಕಿಲೋದಲ್ಲಿ ಒಣ ಪದಾರ್ಥ 261 ಕಿಲೋ. ಆದರೆ ಸಂಘವು ಪೂರ್ತಿ ನೀರಿಲ್ಲದ ಅಡಿಕೆಯನ್ನು ಕೇಳುವುದಿಲ್ಲ. ಶೇಕಡ 10 ರಷ್ಟು ನೀರನ್ನು ಅದು ಒಪ್ಪುತ್ತದೆ, ಅಂದರೆ ಒಪ್ಪುವ ಮಾಲಿನ 100 ಕಿಲೋದಲ್ಲಿ 90 ಕಿಲೋ ಒಣ ಪದಾರ್ಥವಿದ್ದರೆ ಸಾಕು. 261ನ್ನು 90ರಿಂದ ಭಾಗಿಸಿ 100ರಿಂದ ಗುಣಿಸಿದರೆ 290 ಕಿಲೋ ಬರುತ್ತದೆ. ಈ ಅಡಿಕೆಯನ್ನು ಮನೆಯ ಅಂಗಳದಲ್ಲೇ ಶೇಕಡ 10ಕ್ಕೆ ಒಣಗಿಸಿ ತಂದಿದ್ದರೂ ತಕ್ಕಡಿಯಲ್ಲಿ ತೂಗುತ್ತಿದ್ದುದು ಇದೇ 290 ಕಿಲೋ. ಆದ್ದರಿಂದ ಈ ಕಡಿತ ದಂಡವಲ್ಲ.

13ರಲ್ಲಿ 10 ಕಳೆದು, ಉಳಿದ 3ರಂತೆ 300 ಕಿಲೋಗೆ 9 ಕಿಲೋ ಕಳೆಯುವ ರೂಢಿಯೂ ಉಂಟು. ಇದರಿಂದ ಸದಸ್ಯರಿಗೆ 1 ಕಿಲೋ ಲಾಭವೇ, ಜಗಳಕ್ಕೆ ಕಾರಣವಿಲ್ಲ. ಆಕ್ಷೇಪಿಸಬೇಕಾದದ್ದು ಪೂರ್ತಿ ಶೇಕಡ 13ನ್ನೇ ಕಳೆದಿದ್ದರೆ. ಆಗ 39 ಕಿಲೋ ಹೋಗಿ 261 ಕಿಲೋ ಮಾತ್ರ ಉಳಿಯುತ್ತದೆ. ಶೇಕಡ 10 ತೇವಾಂಶದ ಮಾಲಿಗೆ ಗೊತ್ತುಮಾಡಿದ ದರವನ್ನು ನೀರೇ ಇಲ್ಲದ ತೂಕಕ್ಕೆ ಕೊಟ್ಟಂತಾಗಿ, ಸದಸ್ಯರಿಗೆ 29 ಕಿಲೋ ನಷ್ಟವಾಗುತ್ತದೆ.

ಹೆಚ್ಚು ಹಣ ಹೋದದ್ದು ಎಲ್ಲಿ?

ಕಳೆದ 10 ಕಿಲೋದಲ್ಲಿ ರಾಶಿ 8 ಕಿಲೋ, ಗೊರಬಲು 2 ಕಿಲೋ. ಅವುಗಳ ಬೆಲೆ 3,600 ಮತ್ತು 600, ಒಟ್ಟು 4,200 ರೂಪಾಯಿ. ಉಳಿದ 9,000 ರೂಪಾಯಿ ದರ್ಜೆಯ ವ್ಯತ್ಯಾಸ: 60 ಕಿಲೋ ಗೊರಬಲನ್ನು ಸದಸ್ಯರು ರಾಶಿಯ ದರದಲ್ಲಿ ಎಣಿಸಿದ್ದರು, ಕಿಲೋಗೆ 150 ರೂಪಾಯಿ ಹೆಚ್ಚಾಗಿ. ಶಿವಮೊಗ್ಗ ಪೇಟೆಯಲ್ಲಿ ಕೆಂಪಡಿಕೆಯ ದರ್ಜೆಗಳು ಸರಕು, ಬೆಟ್ಟೆ, ರಾಶಿ, ಗೊರಬಲು. ಬೆಲೆಯಲ್ಲಿ ಮೇಲಿನದು ಸರಕು, ಕೆಳಗಿನದು ಗೊರಬಲು. ಕೊಯ್ಲು ತಡವಾಗಿ ಕಾಯಿ ಬಲಿತಷ್ಟೂ ಕೆಳದರ್ಜೆಯ ಪಾಲು ಏರುತ್ತದೆ. ಇನ್ನೆರಡು ದಿನ ಒಣಗಿಸಿದ್ದರೆ 4,200 ರೂಪಾಯಿಯ ಕಡಿತ ಪತ್ರದಲ್ಲಿ ಕಾಣುತ್ತಿರಲಿಲ್ಲ, ಆದರೆ ತೂಕವೂ ಅಷ್ಟೇ ಇಳಿಯುತ್ತಿತ್ತು. ದರ್ಜೆಯ 9,000 ರೂಪಾಯಿಯನ್ನು ಒಣಗಿಸುವುದರಿಂದ ಪಡೆಯಲಾಗದು. ಅದು ಕೊಯ್ಲಿನ ದಿನವೇ ತೀರ್ಮಾನವಾಗಿರುತ್ತದೆ.

ಎರಡು ಸಲ ಕಡಿತ ಆಗಿದೆಯೇ?

ಪತ್ರ ಓದುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಇದು. ಅಡಿಕೆ ಸಂಘಗಳಲ್ಲಿ ಹಣ ಗೊತ್ತಾಗುವ ಬಗೆ ಎರಡು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ತಾನೇ ದರ ಪ್ರಕಟಿಸಿ ಅಡಿಕೆಯನ್ನು ಕೊಳ್ಳುತ್ತದೆ. ಮಾರಾಟ ಸಂಘಗಳಲ್ಲಿ ಸದಸ್ಯರ ಮಾಲನ್ನು ರಾಶಿ ಹಾಕಿ ವ್ಯಾಪಾರಿಗಳಿಂದ ಟೆಂಡರ್ ಪಡೆದು ಮಾರುವ ಪದ್ಧತಿ ಉಂಟು.

ಮೊದಲನೆಯ ಬಗೆಯಲ್ಲಿ ದರ ಒಣಗಿದ ಮಾಲಿಗೆ ಗೊತ್ತಾದದ್ದಾದರೆ, ತೇವಾಂಶವನ್ನು ತೂಕದಲ್ಲಿ ಕಳೆಯುವುದು ಸರಿ. ಟೆಂಡರಿನಲ್ಲಿ ಹಾಗಲ್ಲ. ವ್ಯಾಪಾರಿ ಅಡಿಕೆಯನ್ನು ಕೈಯಲ್ಲಿ ಹಿಡಿದು, ಕತ್ತರಿಸಿ ನೋಡಿ, ಹಸಿ ಕಂಡರೆ ದರವನ್ನೇ ಇಳಿಸಿ ಬರೆಯುತ್ತಾನೆ. ಹಾಗೆ ಇಳಿದ ದರಕ್ಕೆ ತೂಕವನ್ನೂ ಇಳಿಸಿದರೆ ಅದೇ ನೀರಿಗೆ ಎರಡು ಸಲ ಕಡಿತವಾಯಿತು. ಒಂದೇ ದಿನ ಒಣಗಿದ ರಾಶಿ 450ಕ್ಕೆ ಹೋಗಿ ಈ ಮಾಲು 435ಕ್ಕೆ ಹೋಗಿದ್ದು, ಪತ್ರದಲ್ಲಿ ತೂಕದ ಕಡಿತವೂ ಇದ್ದರೆ ಸದಸ್ಯರು ವಿವರಣೆ ಕೇಳಬೇಕು. ದರ ಇಳಿಯಲು ಬಣ್ಣ, ಒಡಕು, ಹುಳುಕು ಕಾರಣವಾಗಿದ್ದರೆ ಅದು ಬೇರೆ ಮಾತು. ಅದನ್ನು ಪತ್ರದಲ್ಲಿ ಬರೆದಿರಬೇಕು.

ಶೇಕಡ 13 ಎಂಬುದನ್ನು ನಂಬಬಹುದೇ?

ಈ ಮಾಲಿನಲ್ಲಿ ತೇವಾಂಶ ಶೇಕಡ 1ರಷ್ಟು ಹೆಚ್ಚು ತೋರಿದರೆ ಸುಮಾರು 1,400 ರೂಪಾಯಿ ಹೋಗುತ್ತದೆ. ಆದ್ದರಿಂದ ಅಳೆದ ಬಗೆಯನ್ನು ತಿಳಿಯಬೇಕು. ಅಡಿಕೆ ಹೊರಗೆ ಬೇಗ ಒಣಗಿ ತಿರುಳಿನಲ್ಲಿ ಹಸಿ ಉಳಿಸಿಕೊಳ್ಳುತ್ತದೆ. ಒಂದೇ ಚೀಲದ ಮೇಲ್ಭಾಗದಿಂದ ತೆಗೆದ ನಾಲ್ಕು ಅಡಿಕೆ ಇಡೀ ಮಾಲನ್ನು ಹೇಳಲಾರದು. ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ತೆಗೆದು, ಬೆರೆಸಿ, ಕತ್ತರಿಸಿ ಅಳೆಯುವುದು ಕ್ರಮ. ವಿದ್ಯುತ್ ತೇವಾಂಶ ಮಾಪಕವು ಧಾನ್ಯಕ್ಕೆ ಹೊಂದಿಸಿದ್ದಾದರೆ ಅಡಿಕೆಗೆ ಸರಿಯಾದ ಅಂಕಿ ಕೊಡಲಾರದು.

ಸಂದೇಹ ಬಂದಲ್ಲಿ ಒಲೆಪೆಟ್ಟಿಗೆಯ ಪರೀಕ್ಷೆ ಇದೆ. ಸಣ್ಣಗೆ ಚೂರು ಮಾಡಿದ ಅಡಿಕೆಯನ್ನು 100 ಗ್ರಾಂ ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಮತ್ತೆ ಇಳಿಯದಿರುವವರೆಗೆ ಒಣಗಿಸಬೇಕು. 87 ಗ್ರಾಂ ಉಳಿದರೆ ತೇವಾಂಶ ಶೇಕಡ 13 ಸರಿ. ಆದರೆ ಪರೀಕ್ಷೆಯ ಮಾದರಿ ಮಾಲು ಹಾಕಿದ ದಿನದ್ದೇ ಆಗಿರಬೇಕು, ಗಾಳಿಯಾಡದಂತೆ ಕಟ್ಟಿಟ್ಟಿರಬೇಕು. ಮಳೆಗಾಲದಲ್ಲಿ ಗೋಣಿಚೀಲದ ಅಡಿಕೆ ಗಾಳಿಯಿಂದಲೇ ನೀರು ಹೀರುತ್ತದೆ. ಜೂನ್‌ನಲ್ಲಿ ಹಾಕಿದ ಮಾಲನ್ನು ಆಗಸ್ಟ್‌ನಲ್ಲಿ ಅಳೆದು ಬಂದ ಅಂಕಿಯನ್ನು ಜೂನ್‌ನ ತೂಕಕ್ಕೆ ಹಚ್ಚಿದರೆ ಉಗ್ರಾಣದಲ್ಲಿ ಸೇರಿದ ನೀರಿನ ಹಣ ಸದಸ್ಯರ ಕೈಯಿಂದ ಹೋದಂತೆ. ತೂಗಿದ ದಿನಾಂಕ ಮತ್ತು ತೇವಾಂಶ ಅಳೆದ ದಿನಾಂಕ ಎರಡನ್ನೂ ಪತ್ರದಲ್ಲಿ ನೋಡಬೇಕಾದುದು ಇದಕ್ಕಾಗಿ.

ಮೇಲಿನ ಸದಸ್ಯರ ಪತ್ರದಲ್ಲಿ ಲೆಕ್ಕ ಸರಿಯಿದೆ, ಆದರೆ ಈ ಎರಡು ದಿನಾಂಕಗಳಿಲ್ಲ. ದರವು ಒಣ ಮಾಲಿನದೋ, ಕಂಡ ಮಾಲಿನದೋ ಎಂಬುದೂ ಇಲ್ಲ. ಅವರು ಸಂಘಕ್ಕೆ ಬರೆಯಬೇಕಾದ ಉತ್ತರದಲ್ಲಿ 13,200 ರೂಪಾಯಿಯ ದೂರು ಬೇಕಿಲ್ಲ, ಈ ಎರಡು ಪ್ರಶ್ನೆಗಳು ಸಾಕು. ತಮ್ಮನಿಗೆ ಬರೆಯುವ ಕಾಗದದಲ್ಲಿ ಮಾತ್ರ ಮುಂದಿನ ಕೊಯ್ಲನ್ನು ತಡಮಾಡಬೇಡವೆಂಬ ಮಾತು ಸೇರಬೇಕು.